ಸಿಇಟಿ ಗಣಿತ: ಕ್ಯಾಲ್ಕುಲಸ್‌ಗೆ ಉಳಿದಿರುವ ನಾಲ್ಕು ವಾರ

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿನಿ. ಸಿಇಟಿಗೆ ಇನ್ನು ನಾಲ್ಕು ವಾರ ಇದೆ. ಮಾದರಿ ಪರೀಕ್ಷೆಗಳಲ್ಲಿ ಕ್ಯಾಲ್ಕುಲಸ್‌ನ 20 ಪ್ರಶ್ನೆಗಳಲ್ಲಿ ಒಂಬತ್ತು ಹತ್ತು ಮಾತ್ರ ಸರಿಯಾಗುತ್ತಿವೆ. ದಿನಕ್ಕೊಂದು ಹಳೆಯ ಪ್ರಶ್ನೆಪತ್ರಿಕೆ ಬಿಡಿಸು ಎಂದು ಕೆಲವರು ಹೇಳುತ್ತಾರೆ, ಮೊದಲು ಬಾರದ ಅಧ್ಯಾಯಗಳನ್ನು ಓದಿ ಮುಗಿಸು ಎಂದು ಇನ್ನು ಕೆಲವರು. ಗಣಿತಕ್ಕೆ ದಿನಕ್ಕೆ ಎರಡೂವರೆ ಗಂಟೆ ಸಿಗುತ್ತದೆ. ಹೇಗೆ ಹಂಚಿಕೊಳ್ಳಲಿ?

ಉತ್ತರ: ನಾಲ್ಕು ವಾರಗಳಲ್ಲಿ ಒಟ್ಟು ಎಂಟು ಪೂರ್ಣ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ: ಮೊದಲ ವಾರ ಒಂದು, ಎರಡನೆಯ ವಾರ ಎರಡು, ಮೂರನೆಯ ವಾರ ಮೂರು, ಕೊನೆಯ ವಾರ ಎರಡು. ಉಳಿದ ದಿನಗಳಲ್ಲಿ ಏನು ಓದಬೇಕು ಎಂಬುದನ್ನು ಆ ಪತ್ರಿಕೆಗಳಲ್ಲಿ ಆದ ತಪ್ಪುಗಳೇ ನಿರ್ಧರಿಸಲಿ. ನಿಮಗೆ ಸಿಗುವುದು ಸುಮಾರು 70 ಗಂಟೆ. ಒಂದು ಪತ್ರಿಕೆ ಬರೆಯಲು 80 ನಿಮಿಷ ಸಾಕು, ಆದರೆ ಅದರಲ್ಲಿ ಆದ ತಪ್ಪುಗಳನ್ನು ಸರಿಯಾಗಿ ನೋಡಲು ಇನ್ನೊಂದು ದಿನದ ಎರಡೂವರೆ ಗಂಟೆ ಪೂರ್ತಿಯಾಗಿ ಬೇಕಾಗುತ್ತದೆ. ಹೀಗೆ ಎಂಟು ಪತ್ರಿಕೆಗಳಿಗೆ ಸುಮಾರು 30 ಗಂಟೆ ಹೋಗುತ್ತದೆ. ಉಳಿದ 40ರಲ್ಲಿ 25 ಗಂಟೆಯನ್ನು ಕ್ಯಾಲ್ಕುಲಸ್‌ಗೂ ಮಿಕ್ಕಿದ್ದನ್ನು ವೆಕ್ಟರ್, ಸಂಭವನೀಯತೆ, ಮ್ಯಾಟ್ರಿಕ್ಸ್ ಮೊದಲಾದವಕ್ಕೂ ಇಟ್ಟುಕೊಳ್ಳಿ. ದಿನಕ್ಕೊಂದು ಪತ್ರಿಕೆ ಎಂಬ ಸಲಹೆ ಕೆಡುವುದು ಇಲ್ಲಿಯೇ. ನಿನ್ನೆಯ ತಪ್ಪನ್ನು ನೋಡುವ ಮೊದಲೇ ಇಂದಿನ ಪತ್ರಿಕೆ ಬಂದು ಕೂರುತ್ತದೆ, ಅದೇ ತಪ್ಪು ಎಂಟು ಸಲ ಮರುಕಳಿಸಿ ರೂಢಿಯಾಗಿಬಿಡುತ್ತದೆ. ಹಾಗೆಂದು ಬರೀ ಅಧ್ಯಾಯಗಳನ್ನು ಓದುತ್ತ ಕುಳಿತರೂ ಸಾಲದು. ಅದಕ್ಕೆ ಕಾರಣವನ್ನು ಎರಡನೆಯ ವಾರದ ಮಾತು ಬಂದಾಗ ಹೇಳುತ್ತೇನೆ.

ಪತ್ರಿಕೆಗಳನ್ನು ಆರಿಸುವಾಗ ಒಂದು ಎಚ್ಚರಿಕೆ ಇರಲಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿದ ನಿಜವಾದ ಹಳೆಯ ಪತ್ರಿಕೆಗಳನ್ನೇ ಬಳಸಿ, ಆದರೆ ಹಳೆಯವು ಹಳೆಯ ಪಠ್ಯಕ್ರಮದವು ಎಂಬುದನ್ನು ಮರೆಯಬೇಡಿ. ಪಠ್ಯಪುಸ್ತಕವನ್ನು ಪರಿಷ್ಕರಿಸಿದಾಗ ರೋಲ್‌ನ ಪ್ರಮೇಯ ಮತ್ತು ಮಧ್ಯಮಾನ ಪ್ರಮೇಯ, ಸ್ಪರ್ಶಕ ಮತ್ತು ಲಂಬಗಳು, ಅಂದಾಜು ಬೆಲೆ, ಮೊತ್ತದ ಮಿತಿಯಾಗಿ ಡೆಫಿನಿಟ್ ಇಂಟಿಗ್ರಲ್, ಎರಡು ವಕ್ರಗಳ ನಡುವಿನ ಕ್ಷೇತ್ರಫಲ, ಡಿಫರೆನ್ಷಿಯಲ್ ಸಮೀಕರಣವನ್ನು ರಚಿಸುವುದು ಇವೆಲ್ಲ ಕೈಬಿಟ್ಟುಹೋದವು. 2024ರ ಸಿಇಟಿಯಲ್ಲಿ ಕೈಬಿಟ್ಟ ಭಾಗಗಳಿಂದಲೂ ಪ್ರಶ್ನೆಗಳು ಬಂದು, ಕೊನೆಗೆ ಅವುಗಳನ್ನು ಮೌಲ್ಯಮಾಪನದಿಂದ ತೆಗೆಯಬೇಕಾಯಿತು. ಆದ್ದರಿಂದ ಪತ್ರಿಕೆಯನ್ನು ಬಿಡಿಸಲು ಕೂರುವ ಮೊದಲು, ಸಾಧ್ಯವಾದರೆ ನಿಮ್ಮ ಉಪನ್ಯಾಸಕರಿಂದಲೋ ಸ್ನೇಹಿತರಿಂದಲೋ, ನಿಮ್ಮ ಈಗಿನ ಪುಸ್ತಕದಲ್ಲಿ ಇಲ್ಲದ ಪ್ರಶ್ನೆಗಳ ಮೇಲೆ ಗೀಟು ಹಾಕಿಸಿಕೊಳ್ಳಿ. ಗೀಟು ಹಾಕಿದ ಪ್ರತಿ ಪ್ರಶ್ನೆಗೆ 80 ಸೆಕೆಂಡ್‌ನಂತೆ ಸಮಯವನ್ನೂ ಕಡಿಮೆ ಮಾಡಿಕೊಳ್ಳಿ, ಏಕೆಂದರೆ 60 ಪ್ರಶ್ನೆಗೆ 80 ನಿಮಿಷವೆಂದರೆ ಒಂದಕ್ಕೆ ಸಿಗುವುದು ಸರಿಯಾಗಿ ಅಷ್ಟೇ.

ಮೊದಲ ದಿನವೇ ಒಂದು ಪತ್ರಿಕೆ ಬರೆಯಿರಿ. ಏನನ್ನೂ ಓದಿಕೊಳ್ಳದೆ ಬರೆಯಿರಿ, ಗಡಿಯಾರ ಎದುರಿಗಿರಲಿ, ಒಎಂಆರ್ ಹಾಳೆಯ ಪ್ರತಿಯೊಂದನ್ನು ಮುದ್ರಿಸಿಕೊಂಡು ಅದರಲ್ಲೇ ತುಂಬಿ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡುವ ಹಾಗಿಲ್ಲ. ಆದರೆ ಊಹಿಸಿ ಗುರುತಿಸಿದ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಪತ್ರಿಕೆಯ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ನಾಲ್ಕು ಆಯ್ಕೆಗಳಿರುವಾಗ ಕುರುಡು ಊಹೆಯೂ ನಾಲ್ಕಕ್ಕೊಂದು ಸರಿ ಹೋಗುತ್ತದೆ. ಆ ಅಂಕ ಪರೀಕ್ಷೆಯ ದಿನ ನಿಮ್ಮದೇ, ಆದರೆ ತಯಾರಿಯ ಲೆಕ್ಕದಲ್ಲಿ ಅದನ್ನು ತಪ್ಪು ಎಂದೇ ಹಿಡಿಯಬೇಕು.

ಎರಡನೆಯ ದಿನದ ಕೆಲಸ ಪತ್ರಿಕೆ ಬರೆದದ್ದಕ್ಕಿಂತ ಮುಖ್ಯವಾದದ್ದು, ಮತ್ತು ಹೆಚ್ಚಿನವರು ಕೆಡಿಸಿಕೊಳ್ಳುವುದೂ ಅದನ್ನೇ. ಕೀ ಉತ್ತರದಿಂದ ಯಾವ ಪ್ರಶ್ನೆಗಳು ತಪ್ಪಾಗಿವೆ ಎಂಬುದನ್ನು ಮಾತ್ರ ನೋಡಿಕೊಳ್ಳಿ, ಬಿಡಿಸಿದ ವಿಧಾನವನ್ನು ನೋಡಬೇಡಿ. ವಿಧಾನವನ್ನು ಓದಿದ ಕೂಡಲೇ ‘ಅಯ್ಯೋ, ಇದು ನನಗೆ ಗೊತ್ತಿತ್ತು’ ಎನ್ನಿಸುತ್ತದೆ, ಆ ಅನ್ನಿಸಿಕೆಯನ್ನು ನಂಬುವಂತಿಲ್ಲ. ತಪ್ಪಾದ ಮತ್ತು ಊಹಿಸಿದ ಪ್ರಶ್ನೆಗಳನ್ನು ಹೊಸ ಹಾಳೆಯಲ್ಲಿ, ಗಡಿಯಾರವಿಲ್ಲದೆ, ಮತ್ತೆ ಬಿಡಿಸಿ. ಈಗ ಸರಿ ಬಂದರೆ ವಿಷಯ ಗೊತ್ತಿದೆ, ಆಗ ಕೈತಪ್ಪಿತ್ತು ಅಥವಾ ಸಮಯ ಸಾಕಾಗಿರಲಿಲ್ಲ ಎಂದರ್ಥ. ಈಗಲೂ ಬಾರದಿದ್ದರೆ ಎರಡರಲ್ಲಿ ಒಂದು: ಸೂತ್ರವೇ ತಿಳಿದಿಲ್ಲ, ಇಲ್ಲವೇ ಸೂತ್ರ ತಿಳಿದಿದ್ದರೂ ಇಲ್ಲಿ ಯಾವುದು ಹೊಂದುತ್ತದೆ, ಯಾವ ಷರತ್ತಿನಲ್ಲಿ ಹೊಂದುತ್ತದೆ ಎಂಬುದು ಕಾಣುತ್ತಿಲ್ಲ. ಆಗ ವಿಧಾನವನ್ನು ತೆರೆದು ನೋಡಿ. ಪ್ರತಿ ತಪ್ಪಿನ ಮುಂದೆ ಅದರ ಕಾರಣವನ್ನು ‘ತಿಳಿಯದು’, ‘ಕಾಣಲಿಲ್ಲ’, ‘ಕೈತಪ್ಪು’, ‘ಸಮಯ’ ಎಂಬ ನಾಲ್ಕರಲ್ಲಿ ಒಂದಾಗಿ ಬರೆದು, ಕೆಳಗೆ ತಪ್ಪಿದ ಸಾಲನ್ನು ಇದ್ದ ಹಾಗೆಯೇ ನಕಲು ಮಾಡಿಕೊಳ್ಳಿ. ‘ಡೆಫಿನಿಟ್ ಇಂಟಿಗ್ರಲ್ ಬರುವುದಿಲ್ಲ’ ಎಂದು ಬರೆದರೆ ಪ್ರಯೋಜನವಿಲ್ಲ, ತಪ್ಪಿದ ಸಾಲೇ ಬೇಕು.

ಏಕೆ ಹೀಗೆ ಒತ್ತಿ ಹೇಳುತ್ತಿದ್ದೇನೆ ಎಂಬುದಕ್ಕೆ ನನ್ನ ತರಗತಿಯ ಒಬ್ಬ ವಿದ್ಯಾರ್ಥಿನಿಯ ಹಾಳೆಯನ್ನೇ ತೋರಿಸುತ್ತೇನೆ. ಆಕೆಯ ಸ್ಥಿತಿ ಹೆಚ್ಚುಕಡಿಮೆ ನಿಮ್ಮದೇ ಆಗಿತ್ತು: ಕ್ಯಾಲ್ಕುಲಸ್‌ನ 20 ಪ್ರಶ್ನೆಗಳಲ್ಲಿ ಹನ್ನೊಂದು ತಪ್ಪು. ಕಂಟಿನ್ಯುಟಿ, ಡೆಫಿನಿಟ್ ಇಂಟಿಗ್ರಲ್, ಕ್ಷೇತ್ರಫಲ ಈ ಮೂರು ಅಧ್ಯಾಯಗಳು ತನಗೆ ಬರುವುದಿಲ್ಲ, ಮೂರನ್ನೂ ಮೊದಲಿನಿಂದ ಓದುತ್ತೇನೆ ಎಂದು ಆಕೆ ಪಟ್ಟಿ ಮಾಡಿಕೊಂಡು ಬಂದಿದ್ದಳು. ಅದಕ್ಕೆ ಎರಡು ವಾರವಾದರೂ ಬೇಕಾಗುತ್ತಿತ್ತು. ಮರುದಿನ ಎದುರಿಗೆ ಕೂರಿಸಿಕೊಂಡು ಮತ್ತೆ ಬಿಡಿಸಿಸಿದಾಗ ಲೆಕ್ಕ ಬೇರೆಯೇ ಬಂತು. ಹನ್ನೊಂದರಲ್ಲಿ ‘ತಿಳಿಯದು’ ಎರಡೇ, ‘ಕಾಣಲಿಲ್ಲ’ ಐದು, ‘ಕೈತಪ್ಪು’ ಮೂರು, ‘ಸಮಯ’ ಒಂದು.

ಆ ಐದರಲ್ಲಿ ಮೂರು ಪ್ರಶ್ನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು, f(x) = x|x| ಎಂಬುದು x = 0 ಯಲ್ಲಿ ಡಿಫರೆನ್ಷಿಯಬಲ್ ಆಗಿದೆಯೇ ಎಂಬುದು. ಮಾಡ್ಯುಲಸ್ ಕಂಡೊಡನೆ ‘ಇಲ್ಲ’ ಎಂದು ಗುರುತಿಸಿದ್ದಳು. ಎರಡನೆಯದು, 0 ಯಿಂದ π ವರೆಗೆ √(1 + cos 2x) ನ ಇಂಟಿಗ್ರಲ್. ಒಳಗಿರುವುದು 2cos²x, ಆದ್ದರಿಂದ √2 cos x ಎಂದು ಬರೆದು, ಅದನ್ನು ಇಂಟಿಗ್ರೇಟ್ ಮಾಡಿ ಸೊನ್ನೆ ಎಂದಿದ್ದಳು. ಮೂರನೆಯದು, y = x|x|, x ಅಕ್ಷ, x = −1 ಮತ್ತು x = 1 ಇವುಗಳ ನಡುವಿನ ಕ್ಷೇತ್ರಫಲ. ಇದಕ್ಕೂ ಸೊನ್ನೆ ಎಂದೇ ಉತ್ತರ, ಮತ್ತು ಆಯ್ಕೆಗಳಲ್ಲಿ ಸೊನ್ನೆ ಇತ್ತು.

ಮೂರು ಪ್ರಶ್ನೆಗಳು ಮೂರು ಅಧ್ಯಾಯಗಳವು, ತಪ್ಪು ಒಂದೇ. ಮಾಡ್ಯುಲಸ್ ಇರುವಲ್ಲಿ x ಧನವಾಗಿರುವ ಭಾಗ, ಋಣವಾಗಿರುವ ಭಾಗ ಎಂದು ಒಡೆದು ಬರೆಯುವ ಅಭ್ಯಾಸ ಆಕೆಗೆ ಇರಲಿಲ್ಲ. ಒಡೆದು ಬರೆದರೆ x|x| ಎಂಬುದು ಬಲಕ್ಕೆ x², ಎಡಕ್ಕೆ −x². ಸೊನ್ನೆಯಲ್ಲಿ ಎರಡೂ ಕಡೆಯ ಡಿರಿವೇಟಿವ್ ಸೊನ್ನೆಯೇ, ಆದ್ದರಿಂದ ಡಿಫರೆನ್ಷಿಯಬಲ್ ಆಗಿದೆ. √(cos²x) ಎಂದರೆ |cos x|, ಅದು π/2 ದಾಟಿದ ಮೇಲೆ −cos x ಆಗುತ್ತದೆ, ಎರಡೂ ಭಾಗಗಳು ಒಂದೊಂದು √2 ಕೊಟ್ಟು ಉತ್ತರ 2√2 ಬರುತ್ತದೆ. ಕ್ಷೇತ್ರಫಲದಲ್ಲಿ ಎಡಭಾಗ ಅಕ್ಷದ ಕೆಳಗಿದೆ. ಅದನ್ನು ಕಳೆಯದೆ ಕೂಡಿಸಿದರೆ 1/3 ಮತ್ತು 1/3 ಸೇರಿ 2/3 ಆಗುತ್ತದೆ. ವರ್ಗಮೂಲದ ಒಳಗಿರುವುದು ಎಂದೂ ಋಣವಾಗದಾಗ, ಇಡೀ ವ್ಯಾಪ್ತಿಯಲ್ಲಿ ಅದು ಸೊನ್ನೆಯೂ ಅಲ್ಲದಾಗ, ಇಂಟಿಗ್ರಲ್ ಸೊನ್ನೆಯಾಗಲಾರದು ಎಂದು ಒಂದು ಕ್ಷಣ ಯೋಚಿಸಿದ್ದರೂ ಎರಡನೆಯ ಪ್ರಶ್ನೆ ಉಳಿಯುತ್ತಿತ್ತು.

ಆಕೆಗೆ ಮೂರು ಅಧ್ಯಾಯ ಓದುವ ಅಗತ್ಯ ಇರಲಿಲ್ಲ. ಮಾಡ್ಯುಲಸ್ ಇರುವ ಪ್ರಶ್ನೆಗಳನ್ನು ಮೂರೂ ಅಧ್ಯಾಯಗಳಿಂದ ಆರಿಸಿ, ಇಪ್ಪತ್ತನ್ನು ಒಂದೇ ಕೂರಿಕೆಯಲ್ಲಿ ಬಿಡಿಸಬೇಕಾಗಿತ್ತು. ಎರಡು ದಿನ ಬಿಟ್ಟು ಹತ್ತು, ವಾರದ ನಂತರ ಐದು ಬಿಡಿಸಿದಳು, ಅಷ್ಟೇ. ನೀವು ‘ಬಾರದ ವಿಷಯ’ ಎಂದು ಕರೆಯುವುದು ಇಷ್ಟು ಸಣ್ಣದಾಗಿರಬೇಕು, ಒಂದು ಕೂರಿಕೆಯಲ್ಲಿ ಕೈಗೆ ಸಿಗುವಷ್ಟು. ಇಂಥವನ್ನು ವಾರಕ್ಕೆ ಮೂರಕ್ಕಿಂತ ಹೆಚ್ಚು ಹಿಡಿಯಬೇಡಿ. ಮೂರನೆಯ ಕೂರಿಕೆಯಲ್ಲೂ ಅರ್ಧಕ್ಕಿಂತ ಕಡಿಮೆ ಸರಿ ಬರುತ್ತಿದ್ದರೆ ಅದನ್ನು ಬಿಟ್ಟು ಮುಂದೆ ಹೋಗಿ. √(tan x) ನ ಇಂಟಿಗ್ರಲ್‌ನಂಥ ಉದ್ದನೆಯ ಲೆಕ್ಕಗಳನ್ನಂತೂ ಈ ನಾಲ್ಕು ವಾರಗಳಲ್ಲಿ ಮುಟ್ಟಲೇಬೇಡಿ, 80 ಸೆಕೆಂಡ್‌ನಲ್ಲಿ ಅದು ಮುಗಿಯುವುದಿಲ್ಲ.

ಮೊದಲ ವಾರದ ಉಳಿದ ದಿನಗಳನ್ನು ಡಿಫರೆನ್ಷಿಯೇಷನ್‌ಗೆ ಕೊಡಿ, ಅಲ್ಲಿ ನಿಮ್ಮ ತಪ್ಪು ಕಡಿಮೆ ಇದ್ದರೂ ಸರಿ. ಇಂಟಿಗ್ರೇಷನ್‌ನ ವೇಗ ನಿಂತಿರುವುದೇ ಡಿರಿವೇಟಿವ್‌ಗಳು ಬಾಯಿಗೆ ತಟ್ಟನೆ ಬರುವುದರ ಮೇಲೆ. xe^x ನ ಡಿರಿವೇಟಿವ್ (1 + x)e^x ಎಂಬುದು ತಕ್ಷಣ ಹೊಳೆದವರಿಗೆ (1 + x)e^x / cos²(xe^x) ನ ಇಂಟಿಗ್ರಲ್ tan(xe^x) + c ಎಂದು ಹತ್ತು ಸೆಕೆಂಡ್‌ನಲ್ಲಿ ಕಾಣುತ್ತದೆ, ಹೊಳೆಯದವರು ಅರ್ಧ ಪುಟ ಗೀಚುತ್ತಾರೆ. ಇನ್ವರ್ಸ್ ತ್ರಿಕೋನಮಿತಿಯ ಫಲನಗಳಲ್ಲಿ x ನ ವ್ಯಾಪ್ತಿಯನ್ನು ಓದುವುದನ್ನೂ ಈ ವಾರವೇ ರೂಢಿಸಿಕೊಳ್ಳಿ. sin⁻¹(2x/(1 + x²)) ನ ಡಿರಿವೇಟಿವ್ 2/(1 + x²) ಎಂದು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಅದು ಸರಿ ಇರುವುದು |x| < 1 ಇದ್ದಾಗ ಮಾತ್ರ. ಪ್ರಶ್ನೆಯಲ್ಲಿ x > 1 ಎಂದು ಸಣ್ಣ ಅಕ್ಷರದಲ್ಲಿ ಕೊಟ್ಟಿದ್ದರೆ ಉತ್ತರ −2/(1 + x²), ಮತ್ತು ಆಯ್ಕೆಗಳಲ್ಲಿ ಎರಡೂ ಇರುತ್ತವೆ.

ಎರಡನೆಯ ವಾರ ಇಂಟಿಗ್ರೇಷನ್‌ನದು. ಬರೀ ಅಧ್ಯಾಯ ಓದುವುದು ಏಕೆ ಸಾಲದು ಎಂಬುದು ಇಲ್ಲಿ ಚೆನ್ನಾಗಿ ತಿಳಿಯುತ್ತದೆ. ಪಠ್ಯಪುಸ್ತಕದಲ್ಲಿ ಪಾರ್ಷಿಯಲ್ ಫ್ರ್ಯಾಕ್ಷನ್ ಎಂಬ ತಲೆಬರಹದ ಕೆಳಗಿನ ಅಭ್ಯಾಸದಲ್ಲಿ ಎಲ್ಲವೂ ಪಾರ್ಷಿಯಲ್ ಫ್ರ್ಯಾಕ್ಷನ್‌ನವೇ. ಯಾವ ವಿಧಾನ ಎಂಬ ಪ್ರಶ್ನೆಗೆ ತಲೆಬರಹವೇ ಉತ್ತರ ಹೇಳಿಬಿಡುತ್ತದೆ, ನೀವು ಲೆಕ್ಕ ಮಾಡಿದರೆ ಸಾಕು. ಪ್ರಶ್ನೆಪತ್ರಿಕೆಯಲ್ಲಿ ತಲೆಬರಹ ಇರುವುದಿಲ್ಲ. ಈ ಐದನ್ನು ನೋಡಿ:

```
x / (x² + 4)
1 / (x² + 4)
x² / (x² + 4)
1 / (x² − 4)
1 / √(x² + 4)
```

ನೋಡಲು ಎಲ್ಲವೂ ಒಂದೇ ಮನೆಯ ಮಕ್ಕಳಂತಿವೆ, ಆದರೆ ಐದಕ್ಕೂ ಮೊದಲ ಹೆಜ್ಜೆ ಬೇರೆ. ಮೊದಲನೆಯದರಲ್ಲಿ ಮೇಲಿರುವ x ಕೆಳಗಿನದರ ಡಿರಿವೇಟಿವ್‌ನ ಅರ್ಧ, ಹಾಗಾಗಿ ಉತ್ತರ ½ log(x² + 4). ಎರಡನೆಯದು ನೇರ ಸೂತ್ರ, ½ tan⁻¹(x/2). ಮೂರನೆಯದರಲ್ಲಿ ಮೇಲೆ ಕೆಳಗೆ ಒಂದೇ ಘಾತ ಇರುವುದರಿಂದ ಮೊದಲು ಭಾಗಿಸಬೇಕು, 1 − 4/(x² + 4) ಎಂದಾದ ಮೇಲೆ x − 2tan⁻¹(x/2) ಬರುತ್ತದೆ. ನಾಲ್ಕನೆಯದು ಪಾರ್ಷಿಯಲ್ ಫ್ರ್ಯಾಕ್ಷನ್, ¼ log|(x − 2)/(x + 2)|. ಐದನೆಯದು log|x + √(x² + 4)|. ಎಲ್ಲದಕ್ಕೂ ಕೊನೆಯಲ್ಲಿ c ಇದ್ದೇ ಇದೆ.

ಇದಕ್ಕೊಂದು ಅಭ್ಯಾಸವನ್ನು ನಾನು ಹಲವು ವರ್ಷಗಳಿಂದ ಮಾಡಿಸುತ್ತ ಬಂದಿದ್ದೇನೆ, ಇದರಷ್ಟು ಬೇಗ ಫಲ ಕೊಡುವ ಇನ್ನೊಂದನ್ನು ಕಂಡಿಲ್ಲ. ಬೇರೆಬೇರೆ ಅಭ್ಯಾಸಗಳಿಂದ 30 ಇಂಟಿಗ್ರಲ್‌ಗಳನ್ನು ಚೀಟಿಗಳಲ್ಲಿ ಬರೆದು ಕಲೆಸಿ. ಒಂದೊಂದನ್ನೇ ಎತ್ತಿ, ಮೊದಲ ಸಾಲನ್ನು ಮಾತ್ರ ಬರೆಯಿರಿ: ಯಾವುದನ್ನು t ಎಂದು ಇಟ್ಟುಕೊಳ್ಳಬೇಕು, ಯಾವುದನ್ನು u ಎಂದು ಹಿಡಿಯಬೇಕು, ಭಾಗಿಸಬೇಕೇ, ಒಡೆಯಬೇಕೇ. ಪೂರ್ತಿ ಬಿಡಿಸಬೇಡಿ. ಒಂದಕ್ಕೆ 20 ಸೆಕೆಂಡ್‌ನಂತೆ ಹತ್ತೇ ನಿಮಿಷದಲ್ಲಿ ಮೂವತ್ತೂ ಮುಗಿಯುತ್ತವೆ. ನಂತರ ಮೊದಲ ಸಾಲು ತಪ್ಪಿದವನ್ನು ಮಾತ್ರ ಪೂರ್ತಿ ಬಿಡಿಸಿ. ದಿನ ಬಿಟ್ಟು ದಿನ ಹೀಗೆ ಮಾಡಿದರೆ ವಾರದ ಕೊನೆಗೆ ಮೂವತ್ತರಲ್ಲಿ ಇಪ್ಪತ್ತೈದಾದರೂ ಸರಿ ಬರಬೇಕು.

ಡೆಫಿನಿಟ್ ಇಂಟಿಗ್ರಲ್‌ಗಳಲ್ಲಿ ಮಾತ್ರ ಇನ್ನೊಂದು ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕು: x ಇರುವಲ್ಲಿ a + b − x ಹಾಕಿದರೆ ಏನಾಗುತ್ತದೆ? 0 ಯಿಂದ π/2 ವರೆಗೆ √sin x / (√sin x + √cos x) ಎಂಬುದಕ್ಕೆ π/4 ಎಂದು ಎಲ್ಲರೂ ಹೇಳುತ್ತಾರೆ. ಅದನ್ನೇ 2 ರಿಂದ 8 ರವರೆಗೆ √(10 − x) / (√x + √(10 − x)) ಎಂದು ಕೇಳಿದರೆ ಅರ್ಧ ತರಗತಿ ವರ್ಗಮೂಲಗಳನ್ನು ತೆಗೆಯಲು ಹೊರಡುತ್ತದೆ. 2 ಮತ್ತು 8 ಕೂಡಿದರೆ 10 ಎಂಬುದೇ ಇಲ್ಲಿಯ ಸುಳಿವು. x ಇರುವಲ್ಲಿ 10 − x ಹಾಕಿದರೆ ಛೇದ ಹಾಗೆಯೇ ಉಳಿಯುತ್ತದೆ, ಅಂಶ √x ಆಗುತ್ತದೆ, ಎರಡನ್ನೂ ಕೂಡಿದರೆ ಒಳಗೆ ಉಳಿಯುವುದು 1. ಆದ್ದರಿಂದ 2I = 6, I = 3. ಪೆನ್ನು ಎತ್ತುವ ಮೊದಲು ಮಿತಿಗಳೆರಡನ್ನೂ ಕೂಡಿ ನೋಡುವ ಈ ಒಂದು ಅಭ್ಯಾಸ, ಪತ್ರಿಕೆಯಲ್ಲಿ ಇಂಥ ಪ್ರಶ್ನೆ ಬಂದಾಗ ಒಂದೆರಡು ನಿಮಿಷವನ್ನು ಉಳಿಸಿಕೊಡುತ್ತದೆ.

ಡಿಫರೆನ್ಷಿಯಲ್ ಸಮೀಕರಣಕ್ಕೆ ಈ ವಾರ ಒಂದು ಕೂರಿಕೆ ಸಾಕು. ಆರ್ಡರ್, ಡಿಗ್ರಿ, ವೇರಿಯಬಲ್‌ಗಳನ್ನು ಬೇರ್ಪಡಿಸುವುದು, ಇಂಟಿಗ್ರೇಟಿಂಗ್ ಫ್ಯಾಕ್ಟರ್ ಇಷ್ಟರಲ್ಲೇ ಹೆಚ್ಚಿನ ಪ್ರಶ್ನೆಗಳು ಮುಗಿಯುತ್ತವೆ. x(dy/dx) + 2y = x² ಎಂಬುದರಲ್ಲಿ ಮೊದಲು x ನಿಂದ ಭಾಗಿಸದೆ e^(2x) ಎಂದು ಬರೆಯುವವರು ಬಹಳ ಜನ. ಭಾಗಿಸಿದರೆ P ಎಂಬುದು 2/x, ಇಂಟಿಗ್ರೇಟಿಂಗ್ ಫ್ಯಾಕ್ಟರ್ x².

ಮೂರನೆಯ ವಾರ ದಿನ ಬಿಟ್ಟು ದಿನ ಪತ್ರಿಕೆ, ನಡುವಿನ ದಿನ ಅದರ ಪರಿಶೀಲನೆ, ವಾರದ ಕೊನೆಯ ದಿನ ಹಳೆಯ ತಪ್ಪುಗಳ ಪುನರಾವರ್ತನೆ. ಹೊಸ ವಿಷಯ ಬೇಡ. ಈ ವಾರ ಕಲಿಯಬೇಕಾದದ್ದು ಸಮಯವನ್ನು ಹಂಚುವುದು. ಮೊದಲ ಸುತ್ತಿನಲ್ಲಿ 45 ನಿಮಿಷ ಇಟ್ಟುಕೊಂಡು ಅರವತ್ತೂ ಪ್ರಶ್ನೆಗಳನ್ನು ಓದಿ, ಮೊದಲ ಸಾಲು ತಕ್ಷಣ ಹೊಳೆದವನ್ನು ಮಾತ್ರ ಬಿಡಿಸಿ. ಎರಡನೆಯ ಸುತ್ತಿಗೆ 25 ನಿಮಿಷ, ದಾರಿ ಗೊತ್ತಿದ್ದೂ ಉದ್ದವಾದವು ಅದಕ್ಕೆ. ಕೊನೆಯ ಹತ್ತು ನಿಮಿಷ ಉಳಿದವನ್ನು ಆಯ್ಕೆಗಳ ಸಹಾಯದಿಂದ ನೋಡಲಿಕ್ಕೆ. ಇಂಡೆಫಿನಿಟ್ ಇಂಟಿಗ್ರಲ್ ಆದರೆ ಆಯ್ಕೆಗಳನ್ನೇ ಡಿಫರೆನ್ಷಿಯೇಟ್ ಮಾಡಿ, x = 0 ಅಥವಾ 1 ಹಾಕಿ, ಪ್ರಶ್ನೆಯಲ್ಲಿರುವ ಫಲನದ ಬೆಲೆಯೊಂದಿಗೆ ಹೋಲಿಸಿ. ಹೀಗೆ ಒಂದೆರಡು ಆಯ್ಕೆಗಳಾದರೂ ಬಿದ್ದುಹೋಗುತ್ತವೆ. ಒಎಂಆರ್‌ನಲ್ಲಿ ಒಮ್ಮೆ ತುಂಬಿದ್ದನ್ನು ತಿದ್ದುವ ಹಾಗಿಲ್ಲ. ಆದ್ದರಿಂದ ಬಿಡಿಸಿದ ಪ್ರತಿ ಪುಟ ಮುಗಿದಾಗ ಆ ಪುಟದ ಉತ್ತರಗಳನ್ನು, ಪ್ರಶ್ನೆಯ ಸಂಖ್ಯೆಯನ್ನು ನೋಡಿಕೊಂಡು, ತುಂಬುತ್ತ ಹೋಗಿ. ಎಲ್ಲವನ್ನೂ ಕೊನೆಗೆ ಇಟ್ಟುಕೊಂಡು ಒಂದು ಸಾಲು ತಪ್ಪಿಸಿ ತುಂಬಿದವರನ್ನು ನಾನು ನೋಡಿದ್ದೇನೆ.

ಯೋಜನೆ ಕೆಲಸ ಮಾಡುತ್ತಿದೆಯೇ ಎಂದು ಒಟ್ಟು ಅಂಕದಿಂದ ಅಳೆಯಬೇಡಿ, ಪತ್ರಿಕೆಯ ಕಷ್ಟಕ್ಕೆ ತಕ್ಕಂತೆ ಅದು ಏರಿಳಿಯುತ್ತದೆ. ನಾಲ್ಕು ಕಾರಣಗಳ ಲೆಕ್ಕವನ್ನು ನೋಡಿ. ‘ತಿಳಿಯದು’ ಮತ್ತು ‘ಕಾಣಲಿಲ್ಲ’ ಇಳಿದು ‘ಸಮಯ’ ಏರುತ್ತಿದ್ದರೆ ದಾರಿ ಸರಿ ಇದೆ. ಮೊದಲು ಊಹಿಸಿ ಬಿಡುತ್ತಿದ್ದುದನ್ನು ಈಗ ಬಿಡಿಸಲು ಹೊರಟಿದ್ದೀರಿ, ವೇಗ ಮೂರನೆಯ ವಾರದಲ್ಲಿ ಬರುತ್ತದೆ. ಆದರೆ ಒಂದೇ ತಪ್ಪು ಸಾಲು ಒಂದರ ಹಿಂದೊಂದು ಎರಡು ಪತ್ರಿಕೆಗಳಲ್ಲಿ ಬಂದರೆ ಮುಂದಿನ ಪತ್ರಿಕೆಯನ್ನು ಮುಂದಕ್ಕೆ ಹಾಕಿ. ಆ ದಿನವನ್ನು ಆ ಒಂದು ತಪ್ಪಿಗೇ ಕೊಡಿ. ಎಂಟು ಪತ್ರಿಕೆಗಳು ಏಳಾದರೆ ನಷ್ಟವಿಲ್ಲ. ‘ಕೈತಪ್ಪು’ ಮಾತ್ರ ಇಳಿಯದೇ ಇದ್ದರೆ ರಫ್ ಕೆಲಸದ ಜಾಗವನ್ನು ನೋಡಿ. ಹೆಚ್ಚಾಗಿ ಅಲ್ಲಿ ಎರಡು ಪ್ರಶ್ನೆಗಳ ಲೆಕ್ಕ ಒಂದರೊಳಗೊಂದು ಸಿಕ್ಕಿಕೊಂಡಿರುತ್ತದೆ, ಋಣ ಚಿಹ್ನೆ ಸಾಲಿನಿಂದ ಸಾಲಿಗೆ ಇಳಿಯುವಾಗ ಕಳೆದುಹೋಗಿರುತ್ತದೆ. ಪ್ರತಿ ಪ್ರಶ್ನೆಯ ಲೆಕ್ಕದ ಸುತ್ತ ಒಂದು ಚೌಕ ಹಾಕಿಕೊಳ್ಳುವುದನ್ನು ಅಭ್ಯಾಸ ಮಾಡಿ.

ನಾಲ್ಕನೆಯ ವಾರದ ಎರಡು ಪತ್ರಿಕೆಗಳನ್ನು ಪ್ರವೇಶಪತ್ರದಲ್ಲಿ ಗಣಿತಕ್ಕೆ ಕೊಟ್ಟಿರುವ ಹೊತ್ತಿನಲ್ಲೇ ಬರೆಯಿರಿ, ಎರಡನೆಯದು ಪರೀಕ್ಷೆಗೆ ಮೂರು ದಿನ ಮುಂಚೆ ಮುಗಿದಿರಲಿ. ಅಲ್ಲಿಂದ ಮುಂದೆ ಹೊಸ ಪ್ರಶ್ನೆ ಯಾವುದನ್ನೂ ಮುಟ್ಟಬೇಡಿ. ತಪ್ಪಿದ ಸಾಲುಗಳನ್ನು ನಕಲು ಮಾಡಿಕೊಂಡ ಆ ನೋಟ್‌ಬುಕ್ ಈ ಹೊತ್ತಿಗೆ ಹದಿನೈದು ಇಪ್ಪತ್ತು ಪುಟ ಆಗಿರುತ್ತದೆ. ಪರೀಕ್ಷೆಯ ಹಿಂದಿನ ದಿನ ಅದನ್ನು ತೆರೆದು, ಪ್ರತಿ ತಪ್ಪು ಸಾಲಿನ ಮೇಲೆ ಕೈ ಮುಚ್ಚಿಕೊಂಡು, ಪ್ರಶ್ನೆಯನ್ನು ಮಾತ್ರ ನೋಡಿ ಸರಿಯಾದ ಮೊದಲ ಸಾಲನ್ನು ಬಾಯಲ್ಲಿ ಹೇಳಿ. ಹೇಳಲು ಬಂದ ಪ್ರಶ್ನೆಯ ಮೇಲೆ ಗೀಟು ಎಳೆಯಿರಿ. ಕೊನೆಗೆ ಗೀಟು ಬೀಳದೆ ಉಳಿದ ಐದಾರನ್ನು ಒಂದು ಹಾಳೆಗೆ ಇಳಿಸಿಕೊಂಡು, ಪರೀಕ್ಷೆಯ ದಿನ ಕೇಂದ್ರದ ಗೇಟಿನ ಹೊರಗೆ ಅದನ್ನೊಂದನ್ನೇ ಓದಿ ಒಳಗೆ ಹೋಗಿ.